ರಿಗ್ರೆಷನ್ ಡಿಸ್‌ಕಂಟಿನ್ಯುಯಿಟಿ

ಅಂಕಗಳ ಗಡಿಯ ಆಚೀಚೆ ಸಮೀಪದಲ್ಲಿರುವವರನ್ನು ಹೋಲಿಸಿ ಒಂದು ಸೌಲಭ್ಯದ ಪರಿಣಾಮವನ್ನು ಅಳೆಯುವ ಸಂಖ್ಯಾಶಾಸ್ತ್ರೀಯ ವಿಧಾನ. ಅಮೆರಿಕದ ಥಿಸಲ್‌ತ್ವೇಟ್ ಮತ್ತು ಕ್ಯಾಂಬೆಲ್ 1960ರಲ್ಲಿ ಪ್ರತಿಭಾ ಪುರಸ್ಕಾರದ ಅಧ್ಯಯನದಲ್ಲಿ ಇದನ್ನು ಮೊದಲು ಬಳಸಿದರು.

ಎಂಟನೆಯ ತರಗತಿಯವರಿಗಾಗಿ ನಡೆಯುವ, ವರ್ಷಕ್ಕೆ 12,000 ರೂಪಾಯಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಸಂತೇಬೆನ್ನೂರಿನಂಥ ಊರುಗಳ ಸರ್ಕಾರಿ ಶಾಲೆಗಳ ಮಕ್ಕಳೂ ಬರೆಯಬಹುದು. ಒಂದು ವರ್ಗದ ಆಯ್ಕೆಯ ಗಡಿ 180ಕ್ಕೆ 100 ಅಂಕ ಎಂದು ಭಾವಿಸಿದರೆ, 99 ಮತ್ತು 100 ಪಡೆದವರ ನಡುವೆ ಪ್ರತಿಭೆಯ ಅಂತರ ಅತ್ಯಲ್ಪ. ವೇತನದ ಅಂತರ ಮಾತ್ರ ಪೂರ್ಣ. ಗಡಿಯಿಂದ ಎಷ್ಟು ದೂರದವರೆಗಿನ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಅಳತೆಯೇ ಬ್ಯಾಂಡ್‌ವಿಡ್ತ್. ಅದು ಹಿರಿದಾದರೆ ಅಸಮಾನರು ಸೇರಿ ಅಂದಾಜು ಓರೆಯಾಗುತ್ತದೆ, ಕಿರಿದಾದರೆ ಮಾಹಿತಿ ಸಾಲದೆ ತೂಗಾಡುತ್ತದೆ. ಈ ಎರಡು ದೋಷಗಳ ಒಟ್ಟು ಕನಿಷ್ಠವಾಗುವಂತೆ ಅಗಲವನ್ನು ಆರಿಸುವ ಸೂತ್ರವನ್ನು ಇಂಬೆನ್ಸ್ ಮತ್ತು ಕಲ್ಯಾಣರಾಮನ್ 2012ರಲ್ಲಿ ನೀಡಿದರು.

ಅಗಲ 10 ಎಂದಾದರೆ 90–99 ಮತ್ತು 100–110ರ ಅಂಕಗಳಿಗೆ ಪ್ರತ್ಯೇಕ ಸರಳರೇಖೆಗಳನ್ನು, ಗಡಿಗೆ ಹತ್ತಿರದವರಿಗೆ ಹೆಚ್ಚು ತೂಕ ಕೊಟ್ಟು, ಹೊಂದಿಸಲಾಗುತ್ತದೆ. ಇದು ಸ್ಥಳೀಯ ರೇಖೀಯ ಅಂದಾಜು. ಪಿಯುಸಿ ಸೇರುವ ಪ್ರಮಾಣ ಗಡಿಯಲ್ಲಿ ಎಡರೇಖೆಯ ಪ್ರಕಾರ ಶೇ. 62, ಬಲರೇಖೆಯ ಪ್ರಕಾರ ಶೇ. 68 ಆದರೆ ಜಿಗಿತ 6 ಅಂಶ. ಆಯ್ಕೆಯಾದವರಲ್ಲಿ ಶೇ. 80ರಷ್ಟು ಮಂದಿಗಷ್ಟೇ ಹಣ ತಲುಪಿದ್ದು, ಗಡಿಯ ಕೆಳಗಿನ ಯಾರಿಗೂ ದೊರೆಯದಿದ್ದರೆ, 6ನ್ನು 0.8ರಿಂದ ಭಾಗಿಸಿದಾಗ ಬರುವ 7.5 ಅಂಶವೇ ವೇತನದ ಪರಿಣಾಮ.

ಆಯ್ಕೆಯ ಗಡಿಯು ಪರೀಕ್ಷೆಯ ಬಳಿಕವಷ್ಟೇ ನಿರ್ಧಾರವಾಗುವುದರಿಂದ ಎನ್‌ಎಂಎಂಎಸ್‌ನಲ್ಲಿ ಅಂಕ ತಿದ್ದುವ ಅವಕಾಶ ಕಡಿಮೆ. ಮೊದಲೇ ಗೊತ್ತಿರುತ್ತಿದ್ದ ಎಸ್‌ಎಸ್‌ಎಲ್‌ಸಿಯ ಹಿಂದಿನ 35ರ ಗಡಿ ಕೃಪಾಂಕದ ಕಾರಣ ಈ ವಿಧಾನಕ್ಕೆ ಒಗ್ಗುತ್ತಿರಲಿಲ್ಲ. 34ರಲ್ಲಿ ಕೆಲವೇ ಮಂದಿಯಿದ್ದು 35ರಲ್ಲಿ ಗುಂಪುಗೂಡಿದ್ದರೆ ಹೋಲಿಕೆ ಕೆಟ್ಟಿದೆಯೆಂದು ತಿಳಿಯಬೇಕು. ಫಲಿತಾಂಶವು ಗಡಿಯ ಆಸುಪಾಸಿನವರಿಗಷ್ಟೇ ಅನ್ವಯಿಸುತ್ತದೆ. 150 ಅಂಕ ಪಡೆದವರ ಬಗ್ಗೆ ಅದು ಏನನ್ನೂ ಹೇಳದು.