ಸೊನ್ನೆಯ ಬಳಿಯ ಸರಾಸರಿ: ಒಂದು ಮಿತಿಯ ಮೂರು ಶತಮಾನ

f ಎಂಬ ಫಲನದ ಅನುಕಲವನ್ನು 0ಯಿಂದ xವರೆಗೆ ತೆಗೆದು, ಬಂದದ್ದನ್ನು xನಿಂದ ಭಾಗಿಸಿದರೆ ಆ ತುಂಡಿನ ಮೇಲೆ f ತಾಳುವ ಸರಾಸರಿ ಬೆಲೆ ಸಿಗುತ್ತದೆ. x ಸೊನ್ನೆಯತ್ತ ಸರಿದಂತೆ ಈ ಸರಾಸರಿ ಎಲ್ಲಿ ನೆಲೆಗೊಳ್ಳುತ್ತದೆ? f(0) ಎಂಬ ಉತ್ತರ ಬಾಯಿಗೆ ಬೇಗ ಬರುತ್ತದೆ. ಅದು ಯಾವಾಗ ಸರಿ, ಯಾವಾಗ ತಪ್ಪು ಎಂಬುದು ಪೂರ್ತಿ ತಿಳಿಯಾಗಲು 17ನೇ ಶತಮಾನದಿಂದ 20ನೇ ಶತಮಾನದವರೆಗೆ ಕಾಯಬೇಕಾಯಿತು.

ನ್ಯೂಟನ್ 1666ರಲ್ಲೇ ಇದರ ತಿರುಳನ್ನು ಕಂಡಿದ್ದ. ವಕ್ರರೇಖೆಯ ಕೆಳಗಿನ ಕ್ಷೇತ್ರಫಲ ಬೆಳೆಯುವ ವೇಗವೇ ಆ ಜಾಗದಲ್ಲಿ ರೇಖೆಯ ಎತ್ತರ ಎಂಬುದು ಅವನ ನೋಟ. ಐಸಾಕ್ ಬ್ಯಾರೋ 1670ರ ತನ್ನ ಉಪನ್ಯಾಸಗಳಲ್ಲಿ ಇದನ್ನೇ ರೇಖಾಗಣಿತದ ರೂಪದಲ್ಲಿ ತೋರಿಸಿದ. ಇಬ್ಬರ ಕಣ್ಣ ಮುಂದೆಯೂ ಇದ್ದದ್ದು ಕಡಿಯದೆ ಸಾಗುವ ನಯವಾದ ರೇಖೆಗಳು. ಹಾಗಾಗಿ ಷರತ್ತು ಹೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

ಆ ಷರತ್ತನ್ನು ಬಾಯಿಬಿಟ್ಟು ಹೇಳಿದವನು ಕೋಶಿ, 1823ರ ಪ್ಯಾರಿಸ್ ಪಾಠಗಳಲ್ಲಿ. f ಅವಿಚ್ಛಿನ್ನವಾಗಿದ್ದರೆ 0ಯಿಂದ xವರೆಗಿನ ಅನುಕಲವನ್ನು x·f(θx) ಎಂದು ಬರೆಯಬಹುದು. ಇಲ್ಲಿ θ, 0 ಮತ್ತು 1ರ ನಡುವಿನ ಯಾವುದೋ ಸಂಖ್ಯೆ. xನಿಂದ ಭಾಗಿಸಿದರೆ ಉಳಿಯುವುದು f(θx) ಮಾತ್ರ. x ಸೊನ್ನೆಗೆ ಹೋದರೆ θx ಕೂಡ ಹೋಗಲೇಬೇಕು, ಅವಿಚ್ಛಿನ್ನತೆಯಿಂದಾಗಿ f(θx) ಎಂಬುದು f(0)ಗೆ ಸೇರುತ್ತದೆ. ಕಲನದ ಮೂಲಭೂತ ಪ್ರಮೇಯದ ಈ ಸಾಧನೆಯಲ್ಲಿ ಒಂದು ಪದವೂ ದಂಡವಾಗಿಲ್ಲ, ಅದಕ್ಕೇ ನನಗೆ ಇದು ಪ್ರಿಯ.

ಇದರ ಬಲ ತಿಳಿಯಬೇಕಾದರೆ f(t) = e^(−t²) ತೆಗೆದುಕೊಳ್ಳಿ. ಇದರ ಅನುಕಲಕ್ಕೆ ಪರಿಚಿತ ಫಲನಗಳ ಸೂತ್ರವೇ ಇಲ್ಲ. ಆದರೂ ಮಿತಿ ಹೇಳಲು ಸೂತ್ರ ಬೇಡ: F(x) ಎಂದು ಅನುಕಲಕ್ಕೆ ಹೆಸರಿಟ್ಟರೆ F(0) = 0, ಆದ್ದರಿಂದ F(x)/x ಎಂಬುದು (F(x) − F(0))/x. ಅದರ ಮಿತಿ F′(0), ಅಂದರೆ f(0) = 1. ಲೆಕ್ಕ ಹಾಕಿ ನೋಡಿದರೂ ಸರಾಸರಿ x = 0.5ರಲ್ಲಿ ಸುಮಾರು 0.9226, x = 0.1ರಲ್ಲಿ 0.9967. ಅನುಕಲದ ಕೆಳಮಿತಿ 0 ಆಗಿರಲೇಬೇಕು ಎಂಬುದನ್ನು ಮಾತ್ರ ಮರೆಯಬಾರದು. ಇಲ್ಲಿ ಅದು 1 ಆಗಿದ್ದರೆ ಅಂಶ ಸೊನ್ನೆಗೆ ಹೋಗದು, ಭಾಗಲಬ್ಧ ಲಂಗುಲಗಾಮಿಲ್ಲದೆ ಬೆಳೆಯುತ್ತದೆ.

ರೀಮಾನ್ 1854ರಲ್ಲಿ ಅನುಕಲದ ವ್ಯಾಖ್ಯೆಯನ್ನು ಹಿಗ್ಗಿಸಿ, ಅವಿಚ್ಛಿನ್ನವಲ್ಲದ ಎಷ್ಟೋ ಫಲನಗಳಿಗೂ ಬಾಗಿಲು ತೆರೆದ. ನಮ್ಮ ಪ್ರಶ್ನೆ ನಿಜವಾಗಿ ಸ್ವಾರಸ್ಯಕರವಾಗುವುದು ಅಲ್ಲಿಂದ ಮುಂದೆ. f(t) = cos(1/t) ಎಂದಿರಲಿ. ಸೊನ್ನೆಯ ಹತ್ತಿರ ಇದು −1 ಮತ್ತು 1ರ ನಡುವೆ ಕೊನೆಯಿಲ್ಲದೆ ಓಲಾಡುತ್ತದೆ. ಲೋಪಿಟಾಲ್ ನಿಯಮ ಹಚ್ಚಿದರೆ cos(1/x)ನ ಮಿತಿ ಕೇಳಬೇಕಾಗುತ್ತದೆ, ಅದು ಇಲ್ಲ. ಇಷ್ಟಕ್ಕೇ ‘ಮಿತಿ ಇಲ್ಲ’ ಎಂದು ಬರೆದುಬಿಡುವವರು ಬಹಳ. ಅದು ತಪ್ಪು; ನಿಯಮ ಕೈಕೊಟ್ಟಿದೆ ಅಷ್ಟೇ, ಮಿತಿ ಇಲ್ಲವೆಂದು ಸಾಬೀತಾಗಿಲ್ಲ.

t² sin(1/t)ಯನ್ನು ಅವಕಲಿಸಿ. 2t sin(1/t) − cos(1/t) ಬರುತ್ತದೆ. ಆದ್ದರಿಂದ cos(1/t)ಯ ಅನುಕಲ ಎಂದರೆ 2t sin(1/t)ಯ ಅನುಕಲದಿಂದ x² sin(1/x) ಕಳೆದದ್ದು. ಎರಡು ಭಾಗಗಳ ಗಾತ್ರವೂ x²ಅನ್ನು ಮೀರದು. xನಿಂದ ಭಾಗಿಸಿದರೆ ಒಟ್ಟು ಗಾತ್ರ 2|x|ಗಿಂತ ಹೆಚ್ಚಿಲ್ಲ, ಹಾಗಾಗಿ ಮಿತಿ 0. f(0)ಗೆ ನಾವು 5 ಎಂದು ಬೆಲೆ ಕೊಟ್ಟಿದ್ದರೂ ಮಿತಿ 0 ಆಗಿಯೇ ಇರುತ್ತದೆ. ಕೋಶಿಯ ಷರತ್ತು ಸಾಕಾಗುವಂಥದ್ದು, ಬೇಕೇಬೇಕಾದದ್ದಲ್ಲ.

ಹಾಗಾದರೆ ಓಲಾಡುವುದೆಲ್ಲ ಸರಾಸರಿಯಲ್ಲಿ ಕರಗುತ್ತದೆಯೇ? ಇಲ್ಲ. x > 0 ಇಟ್ಟುಕೊಂಡು cos(ln t) ನೋಡಿ. ಇದರ ಸರಾಸರಿ ನೇರವಾಗಿ ಸಿಗುತ್ತದೆ: (cos(ln x) + sin(ln x))/2. ಇದು ±0.707ರ ನಡುವೆ ಸದಾ ಓಲಾಡುತ್ತದೆ, ಮಿತಿಯೇ ಇಲ್ಲ. ವ್ಯತ್ಯಾಸ ಇರುವುದು ಓಲಾಟದ ವೇಗದಲ್ಲಿ. t = 0.01ರ ಬಳಿ cos(1/t)ಯ ಒಂದು ಸುತ್ತಿನ ಅಗಲ ಸುಮಾರು 0.0006, ಅಂದರೆ 0ಯಿಂದ 0.01ವರೆಗಿನ ತುಂಡಿನ ಶೇ. 6 ಮಾತ್ರ. ಮೇಲಿನದೂ ಕೆಳಗಿನದೂ ಪರಸ್ಪರ ಕಳೆದುಹೋಗುತ್ತವೆ. cos(ln t)ಯಲ್ಲಾದರೋ ಒಂದು ಸುತ್ತು ಮುಗಿಯಲು t ಸುಮಾರು 535 ಪಟ್ಟು ಕಿರಿದಾಗಬೇಕು. xವರೆಗಿನ ಕೊನೆಯ ಸುತ್ತೊಂದೇ ಹೆಚ್ಚುಕಡಿಮೆ ಇಡೀ ತುಂಡನ್ನು ಆಕ್ರಮಿಸಿಕೊಳ್ಳುತ್ತದೆ.

20ನೇ ಶತಮಾನದ ಆರಂಭದಲ್ಲಿ ಲೆಬೆಗ್ ಪ್ರಶ್ನೆಯ ದಿಕ್ಕನ್ನೇ ಬದಲಿಸಿದ. ಫಲನ ಎಷ್ಟೇ ಒರಟಾಗಿರಲಿ, ಅವನ ಅರ್ಥದಲ್ಲಿ ಅನುಕಲನೀಯವಾಗಿದ್ದರೆ, ಬಹುತೇಕ ಎಲ್ಲ ಬಿಂದುಗಳಲ್ಲೂ ಸರಾಸರಿಯ ಮಿತಿ ಫಲನದ ಬೆಲೆಗೇ ಸಮ. ಹೊರಗುಳಿದ ಬಿಂದುಗಳ ಒಟ್ಟು ಅಳತೆ ಸೊನ್ನೆ. ಆದರೆ ನಮ್ಮ 0 ಎಂಬ ಒಂಟಿ ಬಿಂದು ಆ ಹೊರಗಿನ ಗುಂಪಿಗೆ ಸೇರಿದೆಯೋ ಇಲ್ಲವೋ ಎಂದು ಪ್ರಮೇಯ ಹೇಳದು. ಅದನ್ನು ಪರೀಕ್ಷಿಸಲು ಲೆಬೆಗ್ ಬಿಂದು ಎಂಬ ಇನ್ನೂ ಬಿಗಿಯಾದ ಅಳತೆಗೋಲಿದೆ: |f(t) − f(0)|ನ ಸರಾಸರಿಯೇ ಸೊನ್ನೆಗೆ ಹೋಗಬೇಕು. f(0) = 0 ಎಂದಿಟ್ಟ cos(1/t) ಈ ಪರೀಕ್ಷೆಯಲ್ಲಿ ಸೋಲುತ್ತದೆ, ಏಕೆಂದರೆ |cos(1/t)|ನ ಸರಾಸರಿ ಸೊನ್ನೆಯ ಬದಲು 2/πಗೆ, ಅಂದರೆ ಸುಮಾರು 0.64ಕ್ಕೆ ಹೋಗುತ್ತದೆ. ಆದರೂ ಅದರ ಸರಾಸರಿಯ ಮಿತಿ f(0) ಆಗಿಯೇ ಇದೆ.