ಸಾಬಾಣದ ನೂರು ರೂಪಾಯಿ ಯಾರ್ಯಾರ ಕಿಸೆಕ್ಕ ಹೋಗ್ತಾವ?

ನಮ್ಮಪ್ಪಾರು ಹನ್ನೊಂದು ವರ್ಷ ಒಂದು ಸಾಬಾಣ ಕಂಪನಿಯ ಏಜೆನ್ಸಿ ನಡಿಸಿದ್ರು. ಪಡಸಾಲಿ ತುಂಬ ಪೆಟ್ಟಿಗಿ. "ನಡುವಿನವರೇ ರೊಕ್ಕ ಹೊಡೀತಾರ" ಅಂತ ಯಾರರೆ ಅಂದ್ರ ಅವ್ವ ಸುಮ್ಮನ ಉದ್ರಿ ಪುಸ್ತಕ ತಗದು ಮುಂದ ಇಡತಿದ್ಲು.

ಈ ನಡುವಿನವರು ಇವತ್ತಿನವರಲ್ಲ. 1888ರಾಗ ಇಂಗ್ಲೆಂಡಿನ ಸನ್‌ಲೈಟ್ ಸಾಬಾಣ ಪೆಟ್ಟಿಗಿ ಪೆಟ್ಟಿಗಿ ಕಲ್ಕತ್ತಾ ಬಂದರಕ್ಕ ಬಂತು. ಆದ್ರ ಹಳ್ಳಿ ಅಂಗಡಿಗೆ ಬೇಕಾಗೋದು ವಾರಕ್ಕ ಹತ್ತು ಸಾಬಾಣ. ಹತ್ತು ಸಾಬಾಣ ಮುಟ್ಟಿಸಾಕ ಕಂಪನಿ ತನ್ನ ಗಾಡಿ ಕಳಿಸಿದ್ರ, ಸಾಬಾಣಕ್ಕಿಂತ ಬಾಡಿಗಿನ ಹೆಚ್ಚು. ಅದಕ್ಕ ಮೊದಲು ಪೇಟಿಯ ಹೋಲ್‌ಸೇಲ್ ವ್ಯಾಪಾರಿಗಳು, ಆಮ್ಯಾಲೆ ಊರಿಗೊಬ್ಬ ಸ್ಟಾಕಿಸ್ಟು ಬಂದ್ರು. ಸ್ಟಾಕಿಸ್ಟ್ ಅಂದ್ರ ರೊಕ್ಕ ಕೊಟ್ಟು ಮಾಲು ತಗೊಂಡು, ಅಂಗಡಿ ಅಂಗಡಿಗೆ ಮುಟ್ಟಿಸಿ, ಉದ್ರಿ ಕೊಡಾಂವ.

ಲೆಕ್ಕಕ್ಕ ಒಂದು ಉದಾಹರಣೆ ತಗೋರಿ. ಪೆಟ್ಟಿಗಿ ಮ್ಯಾಲಿನ ಎಂಆರ್‌ಪಿ 100 ರೂಪಾಯಿ, ತೆರಿಗಿ ಅದರಾಗ ಬಂತು. ಅಂಗಡ್ಯಾಂವ 90ಕ್ಕ ತಗೋತಾನ, ಏಜೆಂಟ್ 85ಕ್ಕ. ಏಜೆಂಟನ ಐದು ರೂಪಾಯಿಯೊಳಗ ಗಾಡಿ, ಹುಡುಗರ ಪಗಾರ, ಗೋದಾಮಿನ ಬಾಡಿಗಿ, ಒಡದ ಮಾಲು ಎಲ್ಲಾ ಸೇರಿ ಮೂರೂವರಿ ಹೋದ್ರ ಉಳಿಯೋದು ಒಂದೂವರಿ.

ಒಂದೂವರಿಯಾಗ ಬದುಕೋದು ಹೆಂಗ? ರೊಕ್ಕ ತಿರುಗೋದ್ರಿಂದ. ಆ 85 ತಿಂಗಳಿಗೊಮ್ಮೆ ತಿರುಗಿ ಬಂದ್ರ ವರ್ಷಕ್ಕ 12 ಸಲ, ಅಂದ್ರ 18 ರೂಪಾಯಿ. ಬ್ಯಾಂಕಿನ ಬಡ್ಡಿ ನೂರಕ್ಕ 12ರಂಗ ಸುಮಾರು 10 ಕಟ್ಟಿದ್ರೂ 8 ಉಳೀತು. ಅಂಗಡ್ಯಾಂವ ಉದ್ರಿ ಎಳದು ಎರಡು ತಿಂಗಳ ಮಾಡಿದ್ನೋ, ಬರೋದು 9, ಬಡ್ಡಿ ಅಷ್ಟೇ 10. ಮಾಲು ಪೂರ್ತಿ ಮಾರಿದ್ರೂ ಲುಕ್ಸಾನು.

ಹೋಲ್‌ಸೇಲಿನವನದು ಬ್ಯಾರೆ ದಾರಿ. ತಿಂಗಳ ಕಡೀಕ ಕಂಪನಿ ಟಾರ್ಗೆಟ್ ಮುಟ್ಟಿಸಂತದ. ಆವಾಗ ಏಜೆಂಟ್ ಪೆಟ್ಟಿಗಿ ಪೆಟ್ಟಿಗಿ 86.50ಕ್ಕ ಹೋಲ್‌ಸೇಲಿಗೆ ಹಾಕತಾನ. ಅಂವ ನಗದಿಗೆ 87.50ರಂಗ ಮಾರತಾನ, ಒಂದು ರೂಪಾಯಿ ಸಾಕು, ಮನಿಗೆ ಮುಟ್ಟಿಸೋ ಕೆಲಸ ಇಲ್ಲ. ಏಜೆಂಟನ ಗಾಡಿ ಹೋಗದ ಹಳ್ಳಿಯ ಅಂಗಡಿಯವರಿಗೆ ಅಂವನ ಆಧಾರ. ಆದ್ರ ಸೋಮವಾರ ನಮ್ಮ ಹುಡುಗ ಹೋದ್ರ ಅಂಗಡ್ಯಾಂವ, "ಪೇಟ್ಯಾಗ ಎಂಬತ್ತೇಳೂವರಿಗೆ ಸಿಗ್ತೈತಿ, ನಿಮ್ಮದ್ಯಾಕ 90?" ಅಂತಿದ್ದ. ನಾವೇ ಹಾಕಿದ ಮಾಲು ನಮ್ಮ ದರಾನ ಮುರೀತಿತ್ತು.

ಅಪ್ಪಾರು ಹಂಗ ಸಿಕ್ಕೊಂಡ್ರು. ಗಿರಾಕಿ ಕೈ ಬಿಡಬಾರದು ಅಂತ ಉದ್ರಿ ಹೆಚ್ಚು ಮಾಡಿದ್ರು, 30 ದಿನ ಇದ್ದದ್ದು 60 ಆತು. ಕಡೀಕ ಅವ್ವನ ಬಳಿ ಮಾರಿ ಬ್ಯಾಂಕಿಗೆ ಕಟ್ಟಿ ಏಜೆನ್ಸಿ ಬಿಟ್ರು. ಬಿಡೋ ವರ್ಷವೂ ವ್ಯಾಪಾರ ಹಿಂದಿನ ವರ್ಷಕ್ಕಿಂತ ಜಾಸ್ತಿನ ಆಗಿತ್ತು. ಬರಬೇಕಾದ ಉದ್ರಿಯ ಪುಸ್ತಕ ಇನ್ನೂ ಅವ್ವನ ಟ್ರಂಕಿನ್ಯಾಗ ಐತಿ.