ಗುಲಾಬ್ ಎಂಬ ಬಿರುಗಾಳಿ, ಹೆಸರಿಲ್ಲದ ಮಳೆ

2021ರ ಸೆಪ್ಟೆಂಬರ್ 27ರಂದು ಹೈದರಾಬಾದಿನ ಮೇಲೆ ಮಳೆ ಬಿಡದೆ ಸುರಿಯಿತು. ಹಿಂದಿನ ಸಂಜೆ ಉತ್ತರಾಂಧ್ರದ ಕಳಿಂಗಪಟ್ಟಣದ ಸಮೀಪ ತೀರವನ್ನು ದಾಟಿದ್ದ ಚಂಡಮಾರುತವೊಂದು ಬಲಗುಂದುತ್ತ ತೆಲಂಗಾಣದತ್ತ ಸರಿದು ಬಂದಿತ್ತು. ಅದರ ಹೆಸರು ಗುಲಾಬ್. ಉರ್ದು ಬೀದಿಬೀದಿಯಲ್ಲಿ ಕೇಳಿಸುವ ಈ ನಗರದಲ್ಲಿ ಆ ಶಬ್ದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಮನೆ ಮುರಿಯುವ ಗಾಳಿಗೆ ಹೂವಿನ ಹೆಸರಿಟ್ಟವರು ಯಾರೆಂಬ ಪ್ರಶ್ನೆ ಮಾತ್ರ ನಮ್ಮ ಕಚೇರಿಯ ಊಟದ ಮೇಜಿನ ಮೇಲೆ ಎರಡು ದಿನ ಸುಳಿದಾಡಿತು. ದಿಲ್ಲಿಯ ಯಾವನೋ ರಸಿಕ ಅಧಿಕಾರಿಯ ಕೆಲಸವಿರಬೇಕು ಎಂಬುದು ಬಹುಮತದ ಅಭಿಪ್ರಾಯವಾಗಿತ್ತು. ಅದು ಪಾಕಿಸ್ತಾನ ಕೊಟ್ಟ ಹೆಸರು, ಗಾಳಿ ಹುಟ್ಟುವುದಕ್ಕೆ ಒಂದೂವರೆ ವರ್ಷ ಮೊದಲೇ ಪಟ್ಟಿಯಲ್ಲಿ ಕುಳಿತು ತನ್ನ ಸರದಿಗಾಗಿ ಕಾಯುತ್ತಿತ್ತು ಎಂದು ತಿಳಿದಾಗ ನಮಗೆ ಆಶ್ಚರ್ಯವೇ ಆಯಿತು.

ಸಮುದ್ರದ ಗಾಳಿಗೆ ವ್ಯಕ್ತಿಗಳ ಹೆಸರಿಡುವ ಚಾಳಿ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿದ್ದ ಹವಾಮಾನ ಶಾಸ್ತ್ರಜ್ಞ ಕ್ಲೆಮೆಂಟ್ ರ‍್ಯಾಗ್ ತನಗಾಗದ ರಾಜಕಾರಣಿಗಳ ಹೆಸರನ್ನೂ ಬಿರುಗಾಳಿಗಳಿಗೆ ಇಡುತ್ತಿದ್ದನು. 1941ರಲ್ಲಿ ಪ್ರಕಟವಾದ ಜಾರ್ಜ್ ಸ್ಟೂವರ್ಟನ ‘ಸ್ಟಾರ್ಮ್’ ಕಾದಂಬರಿಯಲ್ಲಿ ಯುವ ಹವಾಮಾನ ತಜ್ಞನೊಬ್ಬನು ನಕಾಶೆಯ ಮೇಲಿನ ಗಾಳಿಯನ್ನು ಗುಟ್ಟಾಗಿ ಮರಿಯಾ ಎಂದು ಕರೆಯುತ್ತಾನೆ. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರಿಗೆ ಈ ಪದ್ಧತಿಯ ಪರಿಚಯವಾಗುವುದು ಅಲ್ಲಿಂದಲೇ. 1953ರಲ್ಲಿ ಅಮೆರಿಕ ತನ್ನ ಚಂಡಮಾರುತಗಳಿಗೆ ಹೆಂಗಸರ ಹೆಸರುಗಳನ್ನು ಬಳಸತೊಡಗಿತು. ಅಟ್ಲಾಂಟಿಕ್‌ನ ಪಟ್ಟಿಗೆ ಗಂಡಸರ ಹೆಸರುಗಳು ಸೇರಿದ್ದು 1979ರಲ್ಲಿ. ಇಂದು ಅಲ್ಲಿ ಆರು ಪಟ್ಟಿಗಳಿವೆ. ವರ್ಷಕ್ಕೊಂದರಂತೆ ಬಳಸಿ, ಏಳನೆಯ ವರ್ಷ ಮೊದಲ ಪಟ್ಟಿಗೇ ಮರಳುತ್ತಾರೆ. ವಿಪರೀತ ಹಾನಿ ಮಾಡಿದ ಗಾಳಿಯ ಹೆಸರನ್ನು ಮಾತ್ರ ಪಟ್ಟಿಯಿಂದ ಶಾಶ್ವತವಾಗಿ ತೆಗೆಯಲಾಗುತ್ತದೆ. 2005ರ ಕತ್ರೀನಾ ಹಾಗೆ ನಿವೃತ್ತಿ ಹೊಂದಿದ ಹೆಸರು. ಆ ಪಟ್ಟಿ 2011ರಲ್ಲಿ ಮರಳಿ ಬಂದಾಗ ಕತ್ರೀನಾಳ ಜಾಗದಲ್ಲಿ ಕಾತ್ಯಾ ಇದ್ದಳು.

ನಮ್ಮ ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರಗಳಿಗೆ ಈ ಪದ್ಧತಿ ತಡವಾಗಿ ಬಂದಿತು. ಅದಕ್ಕೆ ಮುನ್ನ ಇಲ್ಲಿನ ಗಾಳಿಗಳಿಗೆ ಕಡತದಲ್ಲಿ ಸಂಖ್ಯೆಯಿತ್ತು, ಜನರ ಬಾಯಲ್ಲಿ ಊರಿನ ಹೆಸರಿತ್ತು. 1977ರ ನವೆಂಬರಿನಲ್ಲಿ ಕೃಷ್ಣಾ ನದಿಯ ಮುಖಜಭೂಮಿಯನ್ನು ಕಡಲು ನುಂಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತ ದುರಂತವನ್ನು ತೆಲುಗರು ಇಂದಿಗೂ ದಿವಿಸೀಮೆಯ ಉಪ್ಪೆನ ಎಂದೇ ಕರೆಯುತ್ತಾರೆ. 2000ದಲ್ಲಿ ಒಮಾನಿನ ಮಸ್ಕತ್‌ನಲ್ಲಿ ಸಭೆ ಸೇರಿದ ಚಂಡಮಾರುತ ಮಂಡಳಿಯು ಹೆಸರಿಡುವುದನ್ನು ತಾತ್ವಿಕವಾಗಿ ಒಪ್ಪಿತು. ವಿಶ್ವ ಹವಾಮಾನ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಏಷ್ಯಾ-ಪೆಸಿಫಿಕ್ ಆಯೋಗ ಜೊತೆಯಾಗಿ ನಡೆಸುವ ಮಂಡಳಿಯಿದು. ದೀರ್ಘ ಸಮಾಲೋಚನೆಯ ಬಳಿಕ 2004ರ ಸೆಪ್ಟೆಂಬರಿನಲ್ಲಿ ಪದ್ಧತಿ ಜಾರಿಗೆ ಬಂದಿತು. ಎಂಟು ದೇಶಗಳು ಎಂಟೆಂಟು ಹೆಸರು ಕೊಟ್ಟಿದ್ದವು. ಬಾಂಗ್ಲಾದೇಶದ ಓನಿಲ್‌ನಿಂದ ಆರಂಭವಾದ ಆ 64 ಹೆಸರುಗಳು 2020ರ ಮೇ ತಿಂಗಳಲ್ಲಿ ಥಾಯ್ಲೆಂಡಿನ ಅಂಫನ್‌ನೊಂದಿಗೆ ಮುಗಿದವು.

ಅಷ್ಟರಲ್ಲಿ ಹೊಸ ಪಟ್ಟಿ ಸಿದ್ಧವಾಗಿತ್ತು. ಇರಾನ್, ಕತಾರ್, ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಯೆಮೆನ್ ಸೇರಿ ದೇಶಗಳು ಹದಿಮೂರಾಗಿದ್ದವು. ತಲಾ ಹದಿಮೂರರಂತೆ 169 ಹೆಸರುಗಳ ಈ ಪಟ್ಟಿಯನ್ನು ಭಾರತೀಯ ಹವಾಮಾನ ಇಲಾಖೆಯು 2020ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಇಲ್ಲೊಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮ ಕಡಲಿನಲ್ಲಿ ಹೆಸರು ಮರಳಿ ಬರುವುದಿಲ್ಲ. ಒಮ್ಮೆ ಬಳಸಿದ ಹೆಸರು ಗಾಳಿ ಸಣ್ಣದಿರಲಿ ದೊಡ್ಡದಿರಲಿ ಅಲ್ಲಿಗೇ ಮುಗಿಯಿತು. ಇಲ್ಲಿ ಸುತ್ತುವುದು ಹೆಸರಲ್ಲ, ದೇಶಗಳ ಸರದಿ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬಾಂಗ್ಲಾದೇಶದಿಂದ ಯೆಮೆನ್‌ವರೆಗೆ ದೇಶಗಳನ್ನು ಮೇಲಿನಿಂದ ಕೆಳಗೆ ಬರೆದು, ಪ್ರತಿಯೊಂದರ ಮುಂದೆ ಹದಿಮೂರು ಕಂಬಸಾಲುಗಳಲ್ಲಿ ಅದರ ಹೆಸರುಗಳನ್ನು ಇಟ್ಟಿದ್ದಾರೆ. ಮೊದಲ ಕಂಬಸಾಲು ಕೆಳಗಿನವರೆಗೆ ಮುಗಿದ ಮೇಲೆ ಎರಡನೆಯದರ ತಲೆಗೆ ಹೋಗಬೇಕು. ನಿಸರ್ಗ, ಗತಿ, ನಿವಾರ್, ಬುರೇವಿ, ತೌತೆ, ಯಾಸ್ ಎಂಬ ಆರರ ನಂತರ ಏಳನೆಯದಾಗಿ ಗುಲಾಬ್ ಬಂದದ್ದು ಹೀಗೆ. ದಿಲ್ಲಿಯ ಚಂಡಮಾರುತ ಕೇಂದ್ರಕ್ಕೆ ಆ ಕ್ಷಣದಲ್ಲಿ ಆಯ್ಕೆಯ ಸ್ವಾತಂತ್ರ್ಯವೇ ಇರುವುದಿಲ್ಲ. ಸರದಿಯ ಹೆಸರನ್ನು ಘೋಷಿಸುವುದಷ್ಟೇ ಅದರ ಕೆಲಸ.

ಆಯ್ಕೆಯ ಸ್ವಾತಂತ್ರ್ಯ ಇರುವುದು ಪಟ್ಟಿ ಕಟ್ಟುವಾಗ. ಹೆಸರು ರಾಜಕೀಯ, ಧರ್ಮ, ಸಂಸ್ಕೃತಿ, ಲಿಂಗ ಇವುಗಳ ವಿಷಯದಲ್ಲಿ ತಟಸ್ಥವಾಗಿರಬೇಕು, ಯಾರ ಭಾವನೆಯನ್ನೂ ನೋಯಿಸಬಾರದು, ಕಠೋರವಾಗಿರಬಾರದು, ಇಂಗ್ಲಿಷಿನ ಎಂಟು ಅಕ್ಷರಗಳನ್ನು ಮೀರಬಾರದು. ಉಚ್ಚಾರಣೆಯನ್ನೂ ಜೊತೆಗೆ ಒದಗಿಸಬೇಕು. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಕಾಡಿದ ಮ್ಯಾನ್ಮಾರ್ ಹೆಸರಿನ ಗಾಳಿಯನ್ನು ಪಟ್ಟಿಯ ಉಚ್ಚಾರಣೆಯಂತೆ ತೌತೆ ಎನ್ನಬೇಕಿತ್ತು. ಇಂಗ್ಲಿಷ್ ಕಾಗುಣಿತವನ್ನು ಕಣ್ಣಿನಿಂದ ಓದಿದ ನಮ್ಮ ಪತ್ರಿಕೆಗಳು ಅದನ್ನು ತೌಕ್ತೆ ಮಾಡಿದವು. ಆ ಪದದ ಅರ್ಥ ಹಲ್ಲಿಯ ಜಾತಿಯ ಒಂದು ಪ್ರಾಣಿ.

ಈ ನಿಯಮಗಳ ಹಿಂದೆ ಅನುಭವವೂ ಇದೆ. 2013ರಲ್ಲಿ ಒಂದು ಗಾಳಿಗೆ ಶ್ರೀಲಂಕಾದ ಸರದಿಯಂತೆ ಮಹಾಸೇನ್ ಎಂಬ ಹೆಸರು ಬಂದಿತು. ಮಹಾಸೇನನು ಅನುರಾಧಪುರದ ಅರಸ, ದೊಡ್ಡ ಕೆರೆಗಳನ್ನು ಕಟ್ಟಿಸಿದವನು. ನೀರು ಕೊಟ್ಟ ದೊರೆಯ ಹೆಸರನ್ನು ನಾಶ ಮಾಡುವ ಗಾಳಿಗೆ ಇಡುವುದೇ ಎಂದು ಸ್ವತಃ ಶ್ರೀಲಂಕಾದವರೇ ಪ್ರತಿಭಟಿಸಿದರು. ಹೆಸರು ಕೊಟ್ಟ ದೇಶದಲ್ಲೇ ಅದನ್ನು ಕೈಬಿಡಬೇಕಾಯಿತು. ಆ ಚಂಡಮಾರುತ ಈಗ ದಾಖಲೆಗಳಲ್ಲಿ ವಿಯಾರು ಎಂಬ ಹೆಸರಿನಿಂದಿದೆ.

ಇನ್ನು ಹೆಸರು ದೊರೆಯುವ ಗಳಿಗೆ. ಸಮುದ್ರದಲ್ಲಿ ಸುತ್ತುವ ಗಾಳಿಯ ವೇಗವನ್ನು ಮೂರು ನಿಮಿಷಗಳ ಸರಾಸರಿಯಲ್ಲಿ ಲೆಕ್ಕ ಹಾಕುತ್ತಾರೆ. ಅದು ಗಂಟೆಗೆ ಸುಮಾರು 31 ಕಿಲೋಮೀಟರ್ ಮುಟ್ಟಿದರೆ ವಾಯುಭಾರ ಕುಸಿತ, 51 ಮುಟ್ಟಿದರೆ ತೀವ್ರ ವಾಯುಭಾರ ಕುಸಿತ, 63 ಮುಟ್ಟಿದರೆ ಚಂಡಮಾರುತ. ಈ ಕೊನೆಯ ಗೆರೆಯನ್ನು ದಾಟಿದ ಮೇಲೆಯೇ ನಾಮಕರಣ. ಗುಲಾಬ್ ಇದಕ್ಕೆ ಒಳ್ಳೆಯ ಪಾಠ. ಸೆಪ್ಟೆಂಬರ್ 25ರ ಸಂಜೆ ಅದು ಗೆರೆ ದಾಟಿತು, ಮರುದಿನ ಸಂಜೆ ತೀರ ಸೇರಿತು, ನೆಲದ ಮೇಲೆ ಕುಗ್ಗುತ್ತ ಕುಗ್ಗುತ್ತ 28ರಂದು ವಿದರ್ಭದಲ್ಲಿ ವಾಯುಭಾರ ಕುಸಿತದ ಮಟ್ಟಕ್ಕಿಂತಲೂ ಕೆಳಗಿಳಿಯಿತು. ಅಲ್ಲಿಗೆ ಗುಲಾಬಿನ ಆಯುಷ್ಯ ಮುಗಿಯಿತು. ಆದರೆ ಉಳಿದ ಸುಳಿ ಗುಜರಾತನ್ನು ಹಾದು ಅರಬ್ಬಿ ಸಮುದ್ರಕ್ಕಿಳಿದು ಅಕ್ಟೋಬರ್ 1ರಂದು ಮತ್ತೆ ಚಂಡಮಾರುತವಾಯಿತು. ನಡುವೆ ಎಳೆ ಕಡಿದಿದ್ದರಿಂದ ಹಳೆಯ ಹೆಸರು ಸಲ್ಲದು. ಪಟ್ಟಿಯಲ್ಲಿ ಮುಂದಿದ್ದದ್ದು ಕತಾರಿನ ಶಾಹೀನ್, ಅಂದರೆ ಗಿಡುಗ. ಕಳಿಂಗಪಟ್ಟಣದಲ್ಲಿ ಗುಲಾಬಿಯಾಗಿದ್ದದ್ದು ಒಮಾನಿನ ತೀರವನ್ನು ಗಿಡುಗವಾಗಿ ಎರಗಿತು.

ಇಷ್ಟೆಲ್ಲ ತಿಳಿದ ಮೇಲೆ ಹೈದರಾಬಾದಿನವರಾದ ನಮಗೆ ಒಂದು ತೊಡಕು ಎದುರಾಗುತ್ತದೆ. ಗುಲಾಬ್ ಬರುವುದಕ್ಕೆ ಒಂದು ವರ್ಷ ಮೊದಲು, 2020ರ ಅಕ್ಟೋಬರ್ 13ರ ಬೆಳಿಗ್ಗೆ, ಕಾಕಿನಾಡದ ಬಳಿ ಒಂದು ಸುಳಿ ತೀರವನ್ನು ದಾಟಿತು. ಅದು ತೀವ್ರ ವಾಯುಭಾರ ಕುಸಿತವಷ್ಟೇ ಆಗಿತ್ತು, ಗೆರೆಯನ್ನು ಮುಟ್ಟಿರಲಿಲ್ಲ. ಆದ್ದರಿಂದ ಅದಕ್ಕೆ ಹೆಸರು ದೊರೆಯಲಿಲ್ಲ. ಅಂದಿನ ಮಧ್ಯಾಹ್ನದಿಂದ ಮರುದಿನದ ಬೆಳಗಿನವರೆಗೆ ನಮ್ಮ ನಗರದ ಮೇಲೆ ಬಿದ್ದ ಮಳೆ ಸುಮಾರು 19 ಸೆಂಟಿಮೀಟರ್. ಘಟಕೇಸರದ ಕಡೆ 30 ಸೆಂಟಿಮೀಟರನ್ನೂ ಮೀರಿತು. ಟೋಲಿಚೌಕಿಯ ನದೀಮ್ ಕಾಲೊನಿಯಲ್ಲಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಫಲಕ್‌ನುಮಾದ ಅಲ್ ಜುಬೈಲ್ ಕಾಲೊನಿಯ ಮನೆಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ಹತ್ತಾರು ಜನ ಸತ್ತರು. ಆ ರಾತ್ರಿ ಕರೆಂಟಿಲ್ಲದೆ ಮೇಣದ ಬತ್ತಿಯ ಬೆಳಕಿನಲ್ಲಿ ಕುಳಿತಿದ್ದ ನಮ್ಮಲ್ಲಿ ಯಾರೂ ಹಗಲಿನ ಮುನ್ಸೂಚನೆಯನ್ನು ಗಂಭೀರವಾಗಿ ಓದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ‘ತೀವ್ರ ವಾಯುಭಾರ ಕುಸಿತ’ ಎಂಬ ಮಾತು ಪತ್ರಿಕೆಯ ಮೂಲೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಕಾಣುವ ಮಾತು. ಗುಲಾಬ್ ಬಂದಾಗಲಾದರೋ ಎಲ್ಲರ ಬಾಯಲ್ಲೂ ಆ ಹೆಸರಿತ್ತು. ಅಕ್ಕಿ, ಹಾಲು, ಟಾರ್ಚು ಎಲ್ಲವೂ ಮೊದಲೇ ಮನೆ ಸೇರಿದ್ದವು.

ತಪ್ಪು ಪಟ್ಟಿಯದಲ್ಲ. ಕಡಲಿನ ಮೇಲಿರುವ ಮೀನುಗಾರರಿಗೆ, ಹಡಗುಗಳಿಗೆ, ತೀರದ ಹಳ್ಳಿಗಳಿಗೆ ಗಾಳಿಯೇ ಮೃತ್ಯು. ಏಕಕಾಲದಲ್ಲಿ ಎರಡು ಸುಳಿಗಳಿದ್ದಾಗ ಯಾವುದರ ಎಚ್ಚರಿಕೆ ಯಾವುದೆಂದು ಗೊಂದಲವಾಗದಿರಲು ಹೆಸರು ಬೇಕು. ಆದ್ದರಿಂದ ಗಾಳಿಯ ವೇಗವನ್ನೇ ಅಳತೆಗೋಲಾಗಿ ಇಟ್ಟದ್ದು ಸರಿಯೇ. ಆದರೆ ತೀರದಿಂದ ಮುನ್ನೂರು ಕಿಲೋಮೀಟರ್ ಆಚೆಯಿರುವ, ಬಂಡೆಯ ಮೇಲೆ ಕುಳಿತಿರುವ ನಮ್ಮ ನಗರವನ್ನು ಕೊಲ್ಲುವುದು ಗಾಳಿಯಲ್ಲ, ನೀರು. ಸುಳಿಯೊಂದು ಎಷ್ಟು ಮಳೆ ಹೊತ್ತಿದೆ, ಒಂದೆಡೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಹೆಸರು ಹೇಳುವುದಿಲ್ಲ. ಹೆಸರಿಲ್ಲದಿರುವುದಂತೂ ಏನನ್ನೂ ಹೇಳುವುದಿಲ್ಲ.

ಈ ಊರಿಗೆ ಇದು ಹಳೆಯ ಪಾಠ. 1908ರ ಸೆಪ್ಟೆಂಬರ್ 28ರಂದು, ಗುಲಾಬಿನ ಮಳೆಗೆ ಸರಿಯಾಗಿ 113 ವರ್ಷಗಳ ಹಿಂದಿನ ಅದೇ ವಾರದಲ್ಲಿ, ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ಯಿತು. ಪಟ್ಟಿಗಳಿಲ್ಲದ ಆ ಕಾಲದಲ್ಲಿ ಜನರೇ ಅದಕ್ಕೆ ‘ತುಗಿಯಾನಿ ಸಿತಂಬರ್’ ಎಂದು ಹೆಸರಿಟ್ಟರು. ಸೆಪ್ಟೆಂಬರಿನ ಮಹಾಪೂರ ಎಂದು ಅದರರ್ಥ. ಮರುವರ್ಷ ನಿಜಾಮ ಸರ್ಕಾರದ ಕರೆಯ ಮೇರೆಗೆ ಬಂದವರು ನಮ್ಮ ವಿಶ್ವೇಶ್ವರಯ್ಯನವರು. ಅವರು ವಿಚಾರಿಸಿದ್ದು ಗಾಳಿಯ ರಭಸವನ್ನಲ್ಲ. ಎಲ್ಲಿ ಎಷ್ಟು ಮಳೆ ಬಿದ್ದಿತು, ಮೇಲಿನ ಕೆರೆಗಳ ಗತಿ ಏನಾಯಿತು, ನದಿಯಲ್ಲಿ ಎಷ್ಟು ನೀರು ಹರಿಯಿತು ಎಂಬುದನ್ನು. ಪ್ರವಾಹವನ್ನು ಊರಿನ ಮೇಲ್ಭಾಗದಲ್ಲೇ ತಡೆದು ನಿಲ್ಲಿಸಬೇಕು ಎಂಬ ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು.

ಪಟ್ಟಿಯಲ್ಲಿ ಭಾರತದ ಹೆಸರುಗಳು ಇನ್ನೂ ಬಹಳಷ್ಟು ಬಾಕಿ ಇವೆ. ಅವುಗಳಲ್ಲಿ ಒಂದು ‘ನೀರ್’. ಕನ್ನಡದ ಕಿವಿಗೆ ಇದಕ್ಕಿಂತ ಹತ್ತಿರದ ಹೆಸರು ಆ 169ರಲ್ಲಿ ನಮಗೆ ಕಾಣಲಿಲ್ಲ. ಅದರ ಸರದಿ ಬಂದಾಗ ನಾವೆಲ್ಲ ಎಚ್ಚರವಾಗಿಯೇ ಇರುತ್ತೇವೆ. ಅದಕ್ಕೂ ಮೊದಲು ಯಾವುದಾದರೊಂದು ಬೆಳಿಗ್ಗೆ ‘ತೀವ್ರ ವಾಯುಭಾರ ಕುಸಿತ, ತೆಲಂಗಾಣದಲ್ಲಿ ಅತಿ ಭಾರಿ ಮಳೆ ಸಾಧ್ಯತೆ’ ಎಂಬ ಹೆಸರಿಲ್ಲದ ಎರಡು ಸಾಲು ಪತ್ರಿಕೆಯಲ್ಲಿ ಕಂಡರೆ, ಈ ಸಲ ಅದನ್ನು ಕೊನೆಯವರೆಗೆ ಓದಬೇಕೆಂದುಕೊಂಡಿದ್ದೇವೆ.